ವಿನೆಗರ್ ಸಾಕಾ, ಸೋಡಾ ಸಾಕಾ, ಎರಡೂ ಸೇರಬೇಕಾ? ಯಾವ ಕೊಳೆಗೆ ಯಾವುದು

ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿದರೆ ಬುಸ್ ಎಂದು ನೊರೆ ಉಕ್ಕುತ್ತದೆ. ನೋಡಿದವರಿಗೆ ಕೊಳೆಯ ಮೇಲೆ ಏನೋ ದೊಡ್ಡ ಕೆಲಸ ನಡೆಯುತ್ತಿದೆ ಅನ್ನಿಸುತ್ತದೆ. ನನಗೂ ಬಹಳ ವರ್ಷ ಹಾಗೇ ಅನ್ನಿಸಿತ್ತು. ಸಿಂಕ್ ಕಟ್ಟಿಕೊಂಡರೆ ಅದೇ, ಕೆಟಲ್ ಬಿಳಿಚಿಕೊಂಡರೆ ಅದೇ, ಪಾತ್ರೆ ತಳ ಹಿಡಿದರೂ ಅದೇ. ಒಂದು ದಿನ ಅಳತೆ ಹಿಡಿದು ಲೆಕ್ಕ ಹಾಕಿದೆ. ಆಮೇಲೆ ಅವೆರಡನ್ನೂ ಸೇರಿಸುವುದನ್ನು ಬಿಟ್ಟುಬಿಟ್ಟೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಗಡಸು ನೀರಿನಿಂದ ಕೂತ ಬಿಳಿ ಪದರಕ್ಕೆ ವಿನೆಗರ್ ಒಂದೇ ಸಾಕು. ಸೀದು ಅಂಟಿಕೊಂಡದ್ದಕ್ಕೆ, ಮೆಲ್ಲಗೆ ಉಜ್ಜಬೇಕಾದ ಕಡೆಗೆ ಸೋಡಾ ಒಂದೇ ಸಾಕು. ಜಿಡ್ಡಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಇವೆರಡಕ್ಕಿಂತ ಮೇಲು. ಕಟ್ಟಿಕೊಂಡ ಪೈಪಿಗೆ ಇವು ಯಾವುದೂ ಅಲ್ಲ, ಅಲ್ಲಿ ಕೈಕೆಲಸವೇ ಬೇಕು. ವಿನೆಗರ್ ಮತ್ತು ಸೋಡಾ ಎರಡನ್ನೂ ಕಲಸಿದ ನೀರು ಹೆಚ್ಚುಕಡಿಮೆ ಎಲ್ಲ ಕಡೆಯೂ ಕೊನೆಯ ಸ್ಥಾನದಲ್ಲಿ ನಿಲ್ಲುತ್ತದೆ. ಯಾಕೆ ಅನ್ನುವುದನ್ನು ನಿಧಾನವಾಗಿ ನೋಡೋಣ.

ನೊರೆ ಇಳಿದ ಮೇಲೆ ಲೋಟದಲ್ಲಿ ಉಳಿಯುವುದೇನು

ಮನೆಯಲ್ಲಿ ಬಳಸುವ ಬಿಳಿ ವಿನೆಗರ್‌ನಲ್ಲಿ ಸಾಮಾನ್ಯವಾಗಿ ನೂರಕ್ಕೆ 5ರಷ್ಟು ಅಸಿಟಿಕ್ ಆಮ್ಲ ಇರುತ್ತದೆ. ಉಳಿದದ್ದೆಲ್ಲ ನೀರು. ಕೆಲಸ ಮಾಡುವುದು ಆ ಆಮ್ಲ, ಅಂದರೆ ಅದರ ಹುಳಿ. ಅಡುಗೆ ಸೋಡಾ ಅಂದರೆ ಸೋಡಿಯಂ ಬೈಕಾರ್ಬನೇಟ್. ಅದು ಮೆದುವಾದ ಕ್ಷಾರ. ಆಮ್ಲವೂ ಕ್ಷಾರವೂ ಎದುರುಬದುರು ಸ್ವಭಾವದವು. ಸೇರಿದ ತಕ್ಷಣ ಒಂದನ್ನೊಂದು ಮುಗಿಸುತ್ತವೆ:

CH₃COOH + NaHCO₃ → CH₃COONa + H₂O + CO₂

ಬಾಣದ ಬಲಗಡೆ ನೋಡಿ. ಕೊನೆಯಲ್ಲಿರುವುದು ಕಾರ್ಬನ್ ಡೈಆಕ್ಸೈಡ್. ನೊರೆಯಾಗಿ ಉಕ್ಕಿ ಗಾಳಿಗೆ ಹೋಗುವುದು ಅದೇ. ನಡುವಿನದು ಬರೀ ನೀರು. ಮೊದಲನೆಯದು ಸೋಡಿಯಂ ಅಸಿಟೇಟ್ ಎಂಬ ಲವಣ. ಅದಕ್ಕೆ ಸುಣ್ಣದಂಥ ಬಿಳಿ ಪದರವನ್ನು ಕರಗಿಸುವ ಹುಳಿಯೂ ಇಲ್ಲ, ಜಿಡ್ಡನ್ನು ಎಬ್ಬಿಸುವ ಶಕ್ತಿಯೂ ಇಲ್ಲ.

ಈಗ ಅಳತೆಗೆ ಬರೋಣ. 100 ಮಿಲಿ ವಿನೆಗರ್‌ನಲ್ಲಿ ಸುಮಾರು 5 ಗ್ರಾಂ ಆಮ್ಲ ಇದೆ. ಅಷ್ಟನ್ನೂ ಮುಗಿಸಲು 7 ಗ್ರಾಂ ಸೋಡಾ ಸಾಕು. ಅದು ಸಣ್ಣ ಚಮಚದಲ್ಲಿ ಒಂದೂವರೆ ಚಮಚ, ಅಷ್ಟೇ. ನೊರೆ ನಿಂತ ಮೇಲೆ ನಿಮ್ಮ ಕೈಯಲ್ಲಿರುವುದು ನೂರು ಮಿಲಿ ನೀರು, ಅದರಲ್ಲಿ ಕರಗಿದ ಸುಮಾರು 7 ಗ್ರಾಂ ಲವಣ. ಒಂದೂವರೆ ಚಮಚ ಪುಡಿ ಇಡೀ ಲೋಟದ ವಿನೆಗರ್‌ನ ಕಸುವನ್ನು ತೆಗೆದುಬಿಟ್ಟಿತು.

ಹಾಗಾದರೆ "ನಮ್ಮನೇಲಿ ಕೆಲಸ ಮಾಡಿತಲ್ಲ" ಅನ್ನುವವರು ಸುಳ್ಳು ಹೇಳುತ್ತಿದ್ದಾರಾ? ಇಲ್ಲ. ಮನೆಯಲ್ಲಿ ಯಾರೂ ತೂಕ ಮಾಡಿ ಹಾಕುವುದಿಲ್ಲ. ಎರಡರಲ್ಲಿ ಒಂದು ಯಾವಾಗಲೂ ಜಾಸ್ತಿ ಬಿದ್ದಿರುತ್ತದೆ. ವಿನೆಗರ್ ಜಾಸ್ತಿ ಬಿದ್ದರೆ ಮಿಕ್ಕ ವಿನೆಗರ್ ಕೆಲಸ ಮಾಡುತ್ತದೆ. ಸೋಡಾ ಜಾಸ್ತಿ ಬಿದ್ದರೆ ಮಿಕ್ಕ ಸೋಡಾ ಪುಡಿಯಿಂದ ಉಜ್ಜಿದ್ದಕ್ಕೆ ಕೊಳೆ ಹೋಗುತ್ತದೆ. ಹೊಗಳಿಕೆ ಮಾತ್ರ ಮಿಶ್ರಣಕ್ಕೆ ಸಿಗುತ್ತದೆ. ಅದೇ ಒಂದನ್ನೇ ಹಾಕಿದ್ದರೆ ಅದಕ್ಕಿಂತ ಚೆನ್ನಾಗಿ ಆಗುತ್ತಿತ್ತು.

ಮನಸ್ಸಿಗೆ ಒಪ್ಪಿಗೆಯಾಗಲಿ ಎಂದು ನಾನು ಒಂದು ಸಣ್ಣ ಪರೀಕ್ಷೆ ಮಾಡಿದೆ. ನೀವೂ ಮಾಡಿ ನೋಡಬಹುದು. ಎರಡು ಗಾಜಿನ ಲೋಟ ತಗೊಂಡೆ. ಎರಡಕ್ಕೂ 100 ಮಿಲಿ ವಿನೆಗರ್ ಹಾಕಿದೆ. ಎರಡನೆಯ ಲೋಟಕ್ಕೆ ಎರಡು ಚಮಚ ಸೋಡಾ ಸ್ವಲ್ಪಸ್ವಲ್ಪವಾಗಿ ಉದುರಿಸಿದೆ, ಉಕ್ಕುವುದು ಪೂರ್ತಿ ನಿಲ್ಲುವ ತನಕ ಕಾದೆ. ಆಮೇಲೆ ಕೆಟಲ್ ತಳದಿಂದ ಎದ್ದ ಬಿಳಿ ಚಕ್ಕೆಗಳನ್ನು ಎರಡಕ್ಕೂ ಸಮನಾಗಿ ಹಾಕಿದೆ. ಚಕ್ಕೆ ಸಿಗದಿದ್ದರೆ ಮೊಟ್ಟೆಯ ಚಿಪ್ಪಿನ ಚೂರು ಹಾಕಬಹುದು, ಅದೂ ಹೆಚ್ಚುಕಡಿಮೆ ಅದೇ ವಸ್ತು. ಬರೀ ವಿನೆಗರ್ ಇದ್ದ ಲೋಟದಲ್ಲಿ ಚಕ್ಕೆಯ ಮೈಮೇಲೆ ತಕ್ಷಣ ಸಣ್ಣ ಗುಳ್ಳೆಗಳು ಮೂಡಿದವು. ಮರುದಿನ ಬೆಳಿಗ್ಗೆ ನೋಡಿದರೆ ಚಕ್ಕೆ ಕರಗಿಹೋಗಿತ್ತು. ಸೋಡಾ ಸೇರಿಸಿದ ಲೋಟದಲ್ಲಿ ಚಕ್ಕೆ ಹಾಕಿದ ಹಾಗೇ ತಳದಲ್ಲಿ ಕೂತಿತ್ತು. ಇಷ್ಟು ನೊರೆ ಬಂದ ಲೋಟವೇ ಸೋತಿತು, ನೊರೆ ಬಾರದ ಲೋಟ ಗೆದ್ದಿತು.

ಬಿಳಿ ಪದರ: ಇಲ್ಲಿ ವಿನೆಗರ್‌ಗೆ ಬಿಡಿ

ಕೆಟಲ್‌ನ ತಳ, ನಲ್ಲಿಯ ಬಾಯಿ, ಷವರ್‌ನ ತೂತುಗಳು. ಇಲ್ಲೆಲ್ಲ ಗಟ್ಟಿಯಾಗಿ ಕೂರುವ ಬಿಳಿ ಪದರ ಬಹುಪಾಲು ಕ್ಯಾಲ್ಸಿಯಂ ಕಾರ್ಬನೇಟ್. ಗಡಸು ನೀರು ಕಾದಾಗ, ಇಲ್ಲವೇ ಆರಿಹೋದಾಗ ಉಳಿಯುವುದು ಅದು. ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಯಾಕೆಂದರೆ ಅದು ಕೊಳೆಗಿಂತ ಕಲ್ಲಿಗೆ ಹತ್ತಿರ. ಅದನ್ನು ಕರಗಿಸಲು ಆಮ್ಲವೇ ಬೇಕು.

ಕೆಟಲ್‌ಗೆ ನಾನು ಮಾಡುವುದು ಹೀಗೆ. ವಿನೆಗರ್ ಮತ್ತು ನೀರು ಸಮಸಮ ಸೇರಿಸಿ, ಬಿಳಿ ಪದರ ಮುಳುಗುವಷ್ಟು ಹಾಕುತ್ತೇನೆ. ಅರ್ಧ ಕೆಟಲ್‌ಗಿಂತ ಹೆಚ್ಚು ತುಂಬಿಸುವುದಿಲ್ಲ, ಕುದಿಯುವಾಗ ಉಕ್ಕಬಹುದು. ಒಮ್ಮೆ ಕುದಿ ಬಂದ ಕೂಡಲೇ ಆರಿಸಿ, ಅರ್ಧ ಗಂಟೆ ಹಾಗೇ ಬಿಡುತ್ತೇನೆ. ಬಿಸಿಯಲ್ಲಿ ಆಮ್ಲ ಬೇಗ ಕೆಲಸ ಮಾಡುತ್ತದೆ. ಘಾಟು ಬರುತ್ತದೆ, ಕಿಟಕಿ ತೆಗೆದಿರಲಿ. ಆಮೇಲೆ ಚೆಲ್ಲಿ, ಎರಡು ಮೂರು ಸಲ ತೊಳೆದು, ಒಂದು ಸಲ ಬರೀ ನೀರು ಕುದಿಸಿ ಚೆಲ್ಲಿದರೆ ವಾಸನೆಯೂ ಹೋಗುತ್ತದೆ.

ಒಂದೇ ಸಲಕ್ಕೆ ಪೂರ್ತಿ ಹೋಗದೆ ಇರಬಹುದು. ಅದಕ್ಕೂ ಲೆಕ್ಕ ಇದೆ. 100 ಮಿಲಿ ವಿನೆಗರ್ ಹೆಚ್ಚೆಂದರೆ ಸುಮಾರು 4 ಗ್ರಾಂ ಬಿಳಿ ಪದರವನ್ನು ಕರಗಿಸಬಲ್ಲದು. ಅಷ್ಟಾದ ಮೇಲೆ ಅದರ ಹುಳಿ ಮುಗಿದಿರುತ್ತದೆ. ಗುಳ್ಳೆ ಏಳುವುದು ನಿಂತಿದೆ, ಪದರ ಇನ್ನೂ ಇದೆ ಅಂದರೆ ಅದೇ ನೀರಿನಲ್ಲಿ ರಾತ್ರಿಯಿಡೀ ನೆನೆಸಿ ಉಪಯೋಗವಿಲ್ಲ. ಚೆಲ್ಲಿ ಹೊಸದು ಹಾಕಬೇಕು. ಹೊಸದು ಹಾಕಿದರೂ ಒಂದು ಗುಳ್ಳೆಯೂ ಏಳಲಿಲ್ಲವಾ? ಹಾಗಿದ್ದರೆ ಅದು ಕ್ಯಾಲ್ಸಿಯಂ ಕಾರ್ಬನೇಟ್ ಅಲ್ಲ, ಬೇರೆ ಯಾವುದೋ ಖನಿಜ. ವಿನೆಗರ್ ಅದರ ಮುಂದೆ ನಡೆಯುವುದಿಲ್ಲ. ಈ ಗುರುತನ್ನು ಎಲ್ಲ ಕಡೆ ಬಳಸಬಹುದು: ಲೋಹದ ಮೇಲೆ, ಗಾಜಿನ ಮೇಲೆ ಬಿಳಿ ಕಲೆ ಕಂಡರೆ ಒಂದು ಹನಿ ವಿನೆಗರ್ ಇಟ್ಟು ನೋಡಿ. ಸಣ್ಣ ಗುಳ್ಳೆ ಬಂದರೆ ಸರಿಯಾದ ಮದ್ದೇ ಕೈಯಲ್ಲಿದೆ ಎಂದರ್ಥ.

ವಿನೆಗರ್‌ನ ಘಾಟು ಆಗದವರಿಗೆ ಸಿಟ್ರಿಕ್ ಆಮ್ಲದ ಪುಡಿ ಒಳ್ಳೆಯ ಆಯ್ಕೆ. ಅರ್ಧ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಹಾಕಿದರೆ ಕೆಟಲ್‌ಗೆ ಸಾಕು. ನನಗೆ ಈಗ ಅದೇ ಜಾಸ್ತಿ ಇಷ್ಟ, ವಾಸನೆಯೇ ಇರುವುದಿಲ್ಲ.

ನಲ್ಲಿಯ ಬಾಯಿಗೆ, ಷವರ್‌ಗೆ ವಿನೆಗರ್ ತುಂಬಿದ ಸಣ್ಣ ಚೀಲ ಕಟ್ಟಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟರೆ ತೂತುಗಳು ಬಿಟ್ಟುಕೊಳ್ಳುತ್ತವೆ. ರಾತ್ರಿಯಿಡೀ ಬಿಡಬೇಡಿ. ಹೊಳಪಿನ ಲೇಪ ಎಲ್ಲಾದರೂ ಸವೆದಿದ್ದರೆ ಆಮ್ಲ ಒಳಗಿನ ಲೋಹಕ್ಕೆ ಇಳಿಯುತ್ತದೆ. ಇನ್ನೊಂದು ಮಾತು, ಇದು ಮುಖ್ಯ. ಅಮೃತಶಿಲೆ, ಸುಣ್ಣಕಲ್ಲು ಇವುಗಳ ಮೇಲೆ ವಿನೆಗರ್ ಹಾಕಲೇಬಾರದು. ಆ ಕಲ್ಲು ಆಗಿರುವುದೇ ಕ್ಯಾಲ್ಸಿಯಂ ಕಾರ್ಬನೇಟ್‌ನಿಂದ. ಕೆಟಲ್‌ನ ಪದರ ಕರಗಿದ ಹಾಗೇ ನೆಲವೂ ಕರಗುತ್ತದೆ, ಹೊಳಪು ಹೋಗಿ ಮಂಕು ಮಚ್ಚೆ ಉಳಿಯುತ್ತದೆ. ಆ ಮಚ್ಚೆ ತೊಳೆದರೆ ಹೋಗುವುದಿಲ್ಲ, ಕಲ್ಲನ್ನೇ ಮತ್ತೆ ಪಾಲಿಶ್ ಮಾಡಿಸಬೇಕಾಗುತ್ತದೆ.

ತಳ ಹಿಡಿದ ಪಾತ್ರೆ: ಇಲ್ಲಿ ಸೋಡಾ

ಸೋಡಾದ ಬಲ ಎರಡು ಕಡೆ ಇದೆ. ಒಂದು, ಅದರ ಹರಳು ಮೆದು. ಗಾಜಿಗಿಂತ, ಸ್ಟೀಲಿಗಿಂತ ಮೆದುವಾದ್ದರಿಂದ ಗೀರು ಬೀಳದ ಹಾಗೆ ಉಜ್ಜಬಹುದು. ಇನ್ನೊಂದು, ಬಿಸಿ ನೀರಿನಲ್ಲಿ ಅದರ ಕ್ಷಾರ ಸ್ವಭಾವ ಹೆಚ್ಚುತ್ತದೆ. ಕುದಿಸುತ್ತಾ ಹೋದರೆ ಸೋಡಾದ ಒಂದು ಭಾಗ ನಿಧಾನವಾಗಿ ವಾಷಿಂಗ್ ಸೋಡಾ ಆಗಿ ಬದಲಾಗುತ್ತದೆ. ಅದು ಇನ್ನೂ ಗಟ್ಟಿಯಾದ ಕ್ಷಾರ.

ಸ್ಟೀಲ್ ಪಾತ್ರೆ ತಳ ಹಿಡಿದರೆ, ಸೀದ ಭಾಗ ಮುಳುಗುವಷ್ಟು ನೀರು ಹಾಕಿ. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಸೋಡಾ ಹಾಕಿ ಸಣ್ಣ ಉರಿಯಲ್ಲಿ ಹತ್ತು ಹದಿನೈದು ನಿಮಿಷ ಕುದಿಸಿ. ಆರಿಸಿ ಅದರಷ್ಟಕ್ಕೆ ತಣ್ಣಗಾಗಲು ಬಿಡಿ. ಆಮೇಲೆ ಮರದ ಸೌಟಿನಿಂದ ತಳ್ಳಿದರೆ ಕಪ್ಪು ಹಾಳೆಹಾಳೆಯಾಗಿ ಏಳುತ್ತದೆ. ಕಪ್ಪಾದ ಇಂಗಾಲವನ್ನು ಸೋಡಾ ಕರಗಿಸುವುದಿಲ್ಲ. ಇಂಗಾಲಕ್ಕೂ ಲೋಹಕ್ಕೂ ನಡುವೆ ಅಂಟಿನ ಹಾಗೆ ಕೂತ ಜಿಡ್ಡನ್ನೂ ಸೀದ ಆಹಾರವನ್ನೂ ಅದು ಸಡಿಲ ಮಾಡುತ್ತದೆ. ಇಷ್ಟು ಗೊತ್ತಿದ್ದರೆ ಅವಸರ ಮಾಡುವುದಿಲ್ಲ, ನೆನೆಯಲು ಬಿಡುವ ಹೊತ್ತೇ ಇಲ್ಲಿ ಅರ್ಧ ಕೆಲಸ.

ಈ ನೀರಿಗೇ ವಿನೆಗರ್ ಸುರಿದರೆ ಏನಾಗುತ್ತದೆ ಎಂದು ಈಗ ನೀವೇ ಹೇಳಬಹುದು. ಬೇಕಾಗಿದ್ದ ಕ್ಷಾರವೇ ಹೊರಟುಹೋಗುತ್ತದೆ. ಸೋಡಾ ಕೆಲಸ ಮುಗಿಸಿ, ಪಾತ್ರೆ ತೊಳೆದ ಮೇಲೆ ಕಾಮನಬಿಲ್ಲಿನಂಥ ಬಣ್ಣದ ಛಾಯೆಯೋ ಬಿಳಿ ಮಚ್ಚೆಯೋ ಉಳಿದಿದ್ದರೆ, ಆಗ ಬೇರೆಯಾಗಿ ಸ್ವಲ್ಪ ವಿನೆಗರ್ ಒರೆಸಬಹುದು. ಒಂದಾದ ಮೇಲೆ ಒಂದು, ನಡುವೆ ನೀರಿನಿಂದ ತೊಳೆದು.

ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಸೋಡಾ ಕುದಿಸಬೇಡಿ. ಕ್ಷಾರ ತಾಗಿದರೆ ಅದು ಕಪ್ಪಾಗುತ್ತದೆ. ನಾನ್‌ಸ್ಟಿಕ್ ಪಾತ್ರೆಯನ್ನು ಸೋಡಾ ಪುಡಿ ಹಾಕಿ ಜೋರಾಗಿ ಉಜ್ಜುವುದೂ ಬೇಡ.

ಒಲೆಯ ಸುತ್ತ ಅಂಟುವ ಎಣ್ಣೆ ಜಿಡ್ಡಿಗೆ? ಇಲ್ಲಿ ವಿನೆಗರ್ ಬಹಳ ದುರ್ಬಲ. ಆಮ್ಲಕ್ಕೆ ಎಣ್ಣೆಯನ್ನು ಹಿಡಿಯಲು ಆಗುವುದಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್‌ನ ಕಣಕ್ಕೆ ಎಣ್ಣೆಯನ್ನು ಹಿಡಿಯುವ ಒಂದು ತುದಿ, ನೀರನ್ನು ಹಿಡಿಯುವ ಇನ್ನೊಂದು ತುದಿ ಇರುತ್ತದೆ. ಜಿಡ್ಡು ನೀರಿನ ಜೊತೆ ಹೊರಡುವುದು ಅದರಿಂದ. ಬಿಸಿ ನೀರಿಗೆ ಕೆಲವು ಹನಿ ಹಾಕಿ, ಬಟ್ಟೆ ಅದ್ದಿ ಜಿಡ್ಡಿನ ಮೇಲೆ ಐದು ನಿಮಿಷ ಹೊದಿಸಿಡಿ. ಉಳಿದದ್ದಕ್ಕೆ ಒದ್ದೆ ಬಟ್ಟೆಯ ಮೇಲೆ ಸೋಡಾ ಉದುರಿಸಿ ಉಜ್ಜಿ.

ಕಟ್ಟಿಕೊಂಡ ಸಿಂಕ್: ಅತಿ ಹೆಚ್ಚು ನಂಬಿಕೆ, ಅತಿ ಕಡಿಮೆ ಫಲ

ಸೋಡಾ ಮತ್ತು ವಿನೆಗರ್ ಸೇರಿಸಿ ಪೈಪ್ ಬಿಡಿಸಬಹುದು ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಅರ್ಧ ಕಪ್ ಸೋಡಾ ಹಾಕಿ, ಮೇಲೆ ಅರ್ಧ ಕಪ್ ವಿನೆಗರ್ ಸುರಿದು, ಕಾದು, ಕೊನೆಗೆ ಬಿಸಿ ನೀರು ಬಿಡಿ ಅನ್ನುತ್ತಾರೆ. ಇದನ್ನೇ ಲೆಕ್ಕಕ್ಕೆ ಇಡೋಣ.

ಅರ್ಧ ಕಪ್ ಸೋಡಾ ಸುಮಾರು 110 ಗ್ರಾಂ. ಅರ್ಧ ಕಪ್ ವಿನೆಗರ್ ಸುಮಾರು 120 ಮಿಲಿ, ಅದರಲ್ಲಿ ಆಮ್ಲ 6 ಗ್ರಾಂ. ಆ ಆಮ್ಲ ಎಂಟೂವರೆ ಗ್ರಾಂಗಿಂತ ಹೆಚ್ಚು ಸೋಡಾ ಜೊತೆ ಸೇರಲಾರದು. ಅಂದರೆ ವಿನೆಗರ್ ಪೂರ್ತಿ ಮುಗಿಯಿತು, ಸೋಡಾದಲ್ಲಿ ನೂರು ಗ್ರಾಂನಷ್ಟು ಹಾಗೇ ಉಳಿಯಿತು. ಇಷ್ಟು ಸೋಡಾ ಕರಗಲು ಒಂದು ಲೀಟರ್‌ಗಿಂತ ಹೆಚ್ಚು ತಣ್ಣೀರು ಬೇಕು. ಸಾಕಷ್ಟು ನೀರು ಹೋಗದಿದ್ದರೆ ಅದು ಸಿಂಕಿನ ಕೆಳಗಿನ ಬಾಗಿದ ಪೈಪಿನಲ್ಲಿ ಮುದ್ದೆಯಾಗಿ ಕೂರುತ್ತದೆ. ಪೈಪ್ ಬಿಡಿಸಲು ಹೋಗಿ ಅದರೊಳಗೆ ಇನ್ನೊಂದು ಮುದ್ದೆ ಹಾಕಿದ ಹಾಗಾಯಿತು.

ಗ್ಯಾಸಿನ ಒತ್ತಡ ಕಸವನ್ನು ದೂಡುತ್ತದೆ ಅನ್ನುವುದು ಇನ್ನೊಂದು ನಂಬಿಕೆ. ಗ್ಯಾಸ್ ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ. ಕೆಳಗೆ ಕಟ್ಟಿದೆ, ಮೇಲೆ ತೆರೆದಿದೆ. ಅದು ಮೇಲಕ್ಕೇ ಬರುತ್ತದೆ. ನೊರೆ ಸಿಂಕಿನಲ್ಲಿ ನಮ್ಮ ಕಣ್ಣಿಗೆ ಕಾಣುವುದೇ ಅದಕ್ಕೆ ಸಾಕ್ಷಿ. ಮೇಲಿನ ತೂತನ್ನು ಬಟ್ಟೆಯಿಂದ ಒತ್ತಿ ಮುಚ್ಚಿದರೆ ನೀರು ಮುಖಕ್ಕೆ ಸಿಡಿಯುವ ಸಾಧ್ಯತೆಯೇ ಹೆಚ್ಚು.

ಹಾಗಾದರೆ ಕೆಲವು ಸಲ ನೀರು ಸರಾಗವಾಗಿ ಹೋಗುವುದು ಹೇಗೆ? ಕೊನೆಯಲ್ಲಿ ಸುರಿದ ಬಿಸಿ ನೀರಿನಿಂದ. ಪೈಪಿಗೆ ಹತ್ತಿದ ಕೊಬ್ಬು ಮೆತ್ತಗಾಗಿ ಸ್ವಲ್ಪ ಮುಂದೆ ಸರಿಯುತ್ತದೆ. ಮುಂದೆ ಹೋಗಿ ತಣ್ಣಗಾದ ಮೇಲೆ ಮತ್ತೆ ಗಟ್ಟಿಯಾಗುತ್ತದೆ, ಕೆಲವು ವಾರದಲ್ಲಿ ಮತ್ತೆ ಅದೇ ಗೋಳು. ಈ ಬಿಸಿ ನೀರಿನಲ್ಲೂ ಎಚ್ಚರ ಬೇಕು. ಪಿವಿಸಿ ಪೈಪ್ ಸುಮಾರು 80 ಡಿಗ್ರಿಯ ಹೊತ್ತಿಗೆ ಮೆತ್ತಗಾಗಲು ಶುರುವಾಗುತ್ತದೆ. ಕುದಿಯುವ ನೀರು ಒಂದೇ ಸಮನೆ ಸುರಿದರೆ ಜೋಡಣೆ ಸಡಿಲವಾಗಿ ಸೋರಬಹುದು. ಹಬೆಯಾಡುವಷ್ಟು ಬಿಸಿ ಇದ್ದರೆ ಸಾಕು, ಕುದಿಯುವುದು ಬೇಡ.

ಪೈಪ್ ನಿಜವಾಗಿ ಬಿಡಬೇಕಾದರೆ ಈ ಕ್ರಮದಲ್ಲಿ ಹೋಗಿ. ಮೊದಲು ಜಾಲರಿ ತೆಗೆದು ಟಾರ್ಚ್ ಬಿಟ್ಟು ನೋಡಿ. ಬಚ್ಚಲಿನಲ್ಲಿ ಹೆಚ್ಚಾಗಿ ಕಟ್ಟುವುದು ಕೂದಲು. ಕೂದಲಿಗೆ ವಿನೆಗರ್ ಏನೂ ಮಾಡುವುದಿಲ್ಲ, ಸೋಡಾವೂ ಮಾಡುವುದಿಲ್ಲ. ತುದಿ ಬಗ್ಗಿಸಿದ ತಂತಿ ಇಳಿಸಿ, ತಿರುಗಿಸಿ ಎಳೆದರೆ ಉಂಡೆಯಾಗಿ ಬರುತ್ತದೆ.

ಅದರಿಂದ ಆಗದಿದ್ದರೆ ಪ್ಲಂಜರ್, ಅಂದರೆ ರಬ್ಬರ್ ಬಟ್ಟಲಿನ ಕೋಲು. ಬಟ್ಟಲು ಮುಳುಗುವಷ್ಟು ನೀರು ಸಿಂಕಿನಲ್ಲಿರಬೇಕು. ಸಿಂಕಿನ ಮೇಲ್ಭಾಗದಲ್ಲಿ ಹೆಚ್ಚಾದ ನೀರು ಹೋಗುವ ಸಣ್ಣ ತೂತು ಇದ್ದರೆ ಅದನ್ನು ಒದ್ದೆ ಬಟ್ಟೆಯಿಂದ ಬಿಗಿಯಾಗಿ ಮುಚ್ಚಬೇಕು. ಹೆಚ್ಚಿನವರು ಬಿಡುವುದು ಇದನ್ನೇ. ಅದನ್ನು ಮುಚ್ಚದಿದ್ದರೆ ಒತ್ತಿದ ಗಾಳಿಯೆಲ್ಲ ಅಲ್ಲಿಂದಲೇ ಹೊರಗೆ ಹೋಗುತ್ತದೆ. ಹತ್ತು ಹದಿನೈದು ಸಲ ಒತ್ತಿ ಎಳೆದು, ಒಮ್ಮೆಲೇ ಕಿತ್ತು ತೆಗೆಯಿರಿ. ನೊರೆಗೆ ಇಲ್ಲದ ಒತ್ತಡ ಇಲ್ಲಿ ನಿಮ್ಮ ತೋಳಿನಿಂದ ಬರುತ್ತದೆ.

ಅಡುಗೆಮನೆಯ ಸಿಂಕ್ ಆಗಿದ್ದರೆ ಮುಂದಿನ ಹೆಜ್ಜೆ, ಕೆಳಗೆ ಬಕೆಟ್ ಇಟ್ಟು ಬಾಗಿದ ಪೈಪನ್ನು ಬಿಚ್ಚುವುದು. ಪ್ಲಾಸ್ಟಿಕ್ ಆಗಿದ್ದರೆ ಅದರ ಬಳೆಗಳು ಸಾಮಾನ್ಯವಾಗಿ ಕೈಯಲ್ಲೇ ತಿರುಗುತ್ತವೆ. ಒಳಗಿನ ಜಿಡ್ಡನ್ನು ಬಾಟಲಿ ಬ್ರಷ್‌ನಿಂದ ಉಜ್ಜಿ, ರಬ್ಬರ್ ಉಂಗುರ ಇದ್ದ ಜಾಗದಲ್ಲೇ ಇದೆಯಾ ನೋಡಿ ಮತ್ತೆ ಕೂಡಿಸಿ. ಸಿಂಕಿನ ವಾಸನೆಗೂ ಇದೇ ಒಳ್ಳೆಯ ಉಪಾಯ, ಯಾಕೆಂದರೆ ವಾಸನೆ ಬರುವುದು ಹೆಚ್ಚಾಗಿ ಆ ಲೋಳೆಯಿಂದ.

ಕಾಸ್ಟಿಕ್ ಸೋಡಾ ಇರುವ ಪೈಪ್ ಕ್ಲೀನರ್ ಜಿಡ್ಡನ್ನೂ ಕೂದಲನ್ನೂ ಕರಗಿಸುತ್ತದೆ, ನಿಜ. ಆದರೆ ಅದು ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ, ನೀರು ಸೇರಿದಾಗ ತುಂಬಾ ಬಿಸಿಯಾಗುತ್ತದೆ. ನಾನು ಅದನ್ನು ಕೊನೆಯ ಆಯ್ಕೆಯಾಗಿ ಇಡುತ್ತೇನೆ. ಒಮ್ಮೆ ಅದನ್ನು ಹಾಕಿದ ಮೇಲೆ ಆ ಪೈಪಿಗೆ ವಿನೆಗರ್ ಸುರಿಯಬಾರದು, ಪ್ಲಂಜರ್ ಒತ್ತಬಾರದು, ಬಿಚ್ಚಲೂ ಬಾರದು. ಪ್ಲಂಬರ್ ಬಂದರೆ ಹಾಕಿದ್ದೇನು ಎಂದು ಮೊದಲೇ ಹೇಳಿ.

ನೊರೆಯಿಂದ ಉಪಯೋಗವೇ ಇಲ್ಲವೇ?

ಸ್ವಲ್ಪ ಇದೆ. ಕೈ ಹೋಗದ, ಬ್ರಷ್ ಹೋಗದ ಸಣ್ಣ ಬಾಯಿಯ ಬಾಟಲಿಯಲ್ಲಿ ಗುಳ್ಳೆಗಳು ಸಡಿಲವಾದ ಕೊಳೆಯನ್ನು ಕದಡಿ ಮೇಲೆತ್ತಬಲ್ಲವು. ಹಲ್ಲುಸೆಟ್ ತೊಳೆಯುವ ಮಾತ್ರೆಗಳೂ ನೀರಿನಲ್ಲಿ ಬುಸುಗುಟ್ಟುತ್ತವೆ. ಆದರೆ ಅದರಲ್ಲಿ ಬೇರೆ ಸ್ವಚ್ಛಕಾರಕಗಳೂ ಇರುತ್ತವೆ, ಕೆಲಸದ ಭಾರ ನೊರೆಯೊಂದರ ಮೇಲೆ ಇರುವುದಿಲ್ಲ.

ಮಿಶ್ರಣವನ್ನು ಬಾಟಲಿಯಲ್ಲಿ ತುಂಬಿ ಮುಚ್ಚಳ ಹಾಕಿ ಇಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. 100 ಮಿಲಿ ವಿನೆಗರ್‌ಗೆ ಸಾಕಷ್ಟು ಸೋಡಾ ಸೇರಿದರೆ ಸುಮಾರು 2 ಲೀಟರ್ ಗ್ಯಾಸ್ ಹುಟ್ಟುತ್ತದೆ. ಬಿಗಿದ ಬಾಟಲಿಯಲ್ಲಿ ಅದಕ್ಕೆ ಜಾಗ ಎಲ್ಲಿ? ಬಾಟಲಿ ಸಿಡಿಯುತ್ತದೆ. ಗ್ಯಾಸ್ ಹೋಗಲು ಬಿಟ್ಟು ಆಮೇಲೆ ಮುಚ್ಚಿಟ್ಟರೆ ಅಪಾಯವಿಲ್ಲ, ಆದರೆ ಒಳಗಿರುವುದು ಕಸುವಿಲ್ಲದ ನೀರು.

ಇದೇ ಜಾತಿಯ ಇನ್ನಷ್ಟು ನಂಬಿಕೆಗಳು

ಸೋಪಿನ ನೀರಿಗೆ ವಿನೆಗರ್ ಸೇರಿಸಿದರೆ ಶಕ್ತಿ ಹೆಚ್ಚುತ್ತದೆ ಅನ್ನುವುದು ಮೊದಲನೆಯದು. ಎಣ್ಣೆ ಮತ್ತು ಕ್ಷಾರದಿಂದ ಮಾಡಿದ ನಿಜವಾದ ಸೋಪಾಗಿದ್ದರೆ ಆಮ್ಲ ಅದನ್ನು ಒಡೆದು ಮತ್ತೆ ಕೊಬ್ಬಿನಾಮ್ಲ ಮಾಡುತ್ತದೆ. ಹಾಲು ಒಡೆದ ಹಾಗೆ ಬಿಳಿ ಗಸಿ ಮೇಲೆ ತೇಲುತ್ತದೆ, ಒರೆಸಿದ ಕಡೆ ಜಿಡ್ಡು ಹತ್ತುತ್ತದೆ. ಇಲ್ಲಿ ಒಂದು ಒಳ್ಳೆಯ ವಿನಾಯಿತಿ ಇದೆ. ಪಾತ್ರೆ ತೊಳೆಯುವ ಲಿಕ್ವಿಡ್‌ಗಳು ಹೆಚ್ಚಾಗಿ ಸೋಪಲ್ಲ, ಡಿಟರ್ಜೆಂಟ್. ಅವು ಆಮ್ಲದಲ್ಲಿ ಒಡೆಯುವುದಿಲ್ಲ. ಬಚ್ಚಲಿನ ಗಾಜಿನ ಮೇಲೆ ಸೋಪು ಮತ್ತು ಗಡಸು ನೀರು ಸೇರಿ ಕೂತ ಮಂಕು ಪದರಕ್ಕೆ ವಿನೆಗರ್ ಜೊತೆ ಕೆಲವು ಹನಿ ಲಿಕ್ವಿಡ್ ಸೇರಿಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಉಜ್ಜಿದರೆ ಚೆನ್ನಾಗಿ ಬಿಡುತ್ತದೆ. ವಿನೆಗರ್ ಜೊತೆ ಏನಾದರೂ ಸೇರಿಸಲೇಬೇಕು ಅನ್ನಿಸಿದರೆ ಸೇರಿಸಬೇಕಾದದ್ದು ಇದನ್ನು.

ಹೊಸ ಬಟ್ಟೆಯ ಬಣ್ಣ ಹೋಗದಿರಲಿ ಎಂದು ಉಪ್ಪು ನೀರಿನಲ್ಲೋ ವಿನೆಗರ್‌ನಲ್ಲೋ ನೆನೆಸುವುದು ಇನ್ನೊಂದು. ಬಣ್ಣ ಹಾಕುವಾಗ ಕೆಲವು ಬಣ್ಣಗಳಿಗೆ ಉಪ್ಪು ಬೇಕು, ಉಣ್ಣೆ ರೇಷ್ಮೆಯ ಕೆಲವು ಬಣ್ಣಗಳಿಗೆ ಆಮ್ಲವೂ ಬಿಸಿಯೂ ಬೇಕು. ಈ ನಂಬಿಕೆ ಅಲ್ಲಿಂದ ಬಂದಿರಬೇಕು. ಆದರೆ ಬಣ್ಣ ಹಾಕಿ ಮುಗಿದ ಬಟ್ಟೆಯಲ್ಲಿ ಅಂಟದೆ ಉಳಿದ ಬಣ್ಣವನ್ನು ಬಕೆಟ್ಟಿನ ಉಪ್ಪು ಅಂಟಿಸಲಾರದು. ಬೇರೆಯಾಗಿ, ತಣ್ಣೀರಿನಲ್ಲಿ, ನೀರು ತಿಳಿಯಾಗುವ ತನಕ ಕೆಲವು ಸಲ ಒಗೆಯುವುದೇ ಸರಿ.

ವಿನೆಗರ್ ಎಲ್ಲ ರೋಗಾಣುಗಳನ್ನೂ ಕೊಲ್ಲುತ್ತದೆ ಅನ್ನುವುದೂ ಅಷ್ಟೇ. ಕೆಲವು ಬ್ಯಾಕ್ಟೀರಿಯಾಗಳನ್ನು ಕಡಿಮೆ ಮಾಡುತ್ತದೆ. ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಆಗಿದ್ದಾಗ ಅದನ್ನು ನಂಬಿ ಕೂರಬಾರದು. ಮೊದಲು ಡಿಟರ್ಜೆಂಟ್ ನೀರಿನಿಂದ ತೊಳೆದು, ಆಮೇಲೆ ಸೋಂಕು ನಿವಾರಕವನ್ನು ಲೇಬಲ್‌ನಲ್ಲಿ ಹೇಳಿದಷ್ಟು ನಿಮಿಷ ಒದ್ದೆಯಾಗಿಯೇ ಇರುವಂತೆ ಬಿಡಬೇಕು. ಹಚ್ಚಿದ ಕೂಡಲೇ ಒರೆಸಿದರೆ ಅದೂ ಕೆಲಸ ಮಾಡುವುದಿಲ್ಲ.

ಸೋಡಾ ಮತ್ತು ವಿನೆಗರ್ ಸೇರಿಸಿದರೆ ಸಾಮಾನು ದಂಡ, ಅಷ್ಟೇ. ಬ್ಲೀಚ್ ಮತ್ತು ವಿನೆಗರ್ ಸೇರಿಸಿದರೆ ಕ್ಲೋರಿನ್ ಗ್ಯಾಸ್ ಹುಟ್ಟುತ್ತದೆ, ಅದು ಶ್ವಾಸಕೋಶಕ್ಕೆ ವಿಷ. ಆಮ್ಲ ಇರುವ ಟಾಯ್ಲೆಟ್ ಕ್ಲೀನರ್ ಮೇಲೆ ಬ್ಲೀಚ್ ಸುರಿದರೂ ಇದೇ ಆಗುತ್ತದೆ. ಬ್ಲೀಚ್‌ಗೆ ಅಮೋನಿಯಾ ಸೇರಿದರೆ ಇನ್ನೊಂದು ಬಗೆಯ ವಿಷದ ಗ್ಯಾಸ್. ಘಾಟು ಒಮ್ಮೆಲೇ ಜೋರಾಗಿ, ಕಣ್ಣು ಉರಿದು ಕೆಮ್ಮು ಬಂದರೆ ಒರೆಸುತ್ತಾ ನಿಲ್ಲಬೇಡಿ, ಅದರ ಮೇಲೆ ಇನ್ನೇನನ್ನೂ ಸುರಿಯಬೇಡಿ. ಎಲ್ಲರೂ ಹೊರಗೆ ಗಾಳಿಗೆ ಬನ್ನಿ. ಉಸಿರಾಟ ಕಷ್ಟವಾದರೆ ತಕ್ಷಣ ವೈದ್ಯರ ಸಹಾಯ ಪಡೆಯಿರಿ. ಹೈಡ್ರೋಜನ್ ಪೆರಾಕ್ಸೈಡ್ ಅನ್ನೂ ವಿನೆಗರ್ ಅನ್ನೂ ಒಂದೇ ಬಾಟಲಿಯಲ್ಲಿ ಸೇರಿಸಿಡುವುದು ಬೇಡ, ಅಲ್ಲಿ ಹುಟ್ಟುವ ಪೆರಾಸಿಟಿಕ್ ಆಮ್ಲ ಕಣ್ಣು, ಮೂಗು, ಚರ್ಮವನ್ನು ಕೆರಳಿಸುತ್ತದೆ.

ಸೋಡಾಗೆ ನಿಜವಾದ ಜೊತೆಗಾರ

ಮನೆಮದ್ದೆಲ್ಲ ಸುಳ್ಳು ಎಂದು ನನಗೆ ಅನ್ನಿಸುವುದಿಲ್ಲ. ಸೋಡಾಗೆ ಜೊತೆ ಕೊಟ್ಟರೆ ಅದ್ಭುತವಾಗಿ ಕೆಲಸ ಮಾಡುವ ಒಂದು ಉಪಾಯ ಇದೆ. ಕಪ್ಪಾದ ಬೆಳ್ಳಿಗೆ ಅದು. ಜೊತೆಗಾರ ಅಲ್ಯೂಮಿನಿಯಂ ಹಾಳೆ.

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅಂಶ ಸೇರಿ ಮೇಲೆ ಬೆಳ್ಳಿಯ ಸಲ್ಫೈಡ್ ಆಗುವುದರಿಂದ. ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಆ ಪದರದ ಜೊತೆ ಬೆಳ್ಳಿಯೂ ಸವೆಯುತ್ತದೆ, ಸಣ್ಣ ಗೀರುಗಳು ಬೀಳುತ್ತವೆ. ಅದರ ಬದಲು ಒಂದು ಗಾಜಿನ ಬೋಗುಣಿಗೆ ಅಲ್ಯೂಮಿನಿಯಂ ಹಾಳೆ ಹಾಸಿ, ಹೊಳೆಯುವ ಬದಿ ಯಾವ ಕಡೆ ಇದ್ದರೂ ಸರಿ. ಬೆಳ್ಳಿ ವಸ್ತುವನ್ನು ಹಾಳೆಗೆ ತಾಗುವ ಹಾಗೆ ಇಡಿ. ಒಂದು ಲೀಟರ್ ತುಂಬಾ ಬಿಸಿ ನೀರಿಗೆ ಎರಡು ದೊಡ್ಡ ಚಮಚ ಸೋಡಾ, ಒಂದು ಚಮಚ ಉಪ್ಪು ಕರಗಿಸಿ ಮೇಲೆ ಸುರಿಯಿರಿ. ಸೋಡಾ ನೀರು ಅಲ್ಯೂಮಿನಿಯಂ ಮೇಲಿನ ಸಣ್ಣ ಆಕ್ಸೈಡ್ ಪದರವನ್ನು ಬಿಡಿಸುತ್ತದೆ. ಆಮೇಲೆ ಗಂಧಕ ಬೆಳ್ಳಿಯನ್ನು ಬಿಡುತ್ತದೆ, ಬೆಳ್ಳಿ ಇದ್ದಲ್ಲೇ ಮತ್ತೆ ಬೆಳ್ಳಿಯಾಗುತ್ತದೆ. ಕೊಳೆತ ಮೊಟ್ಟೆಯಂಥ ವಾಸನೆ ಸ್ವಲ್ಪ ಬಂದರೆ ಗಾಬರಿ ಬೇಡ, ಅದು ಗಂಧಕ ಹೊರಡುತ್ತಿರುವ ಗುರುತು. ಐದು ನಿಮಿಷದಲ್ಲಿ ಕಪ್ಪು ಮಾಯವಾಗುವುದು ಕಣ್ಣೆದುರೇ ಕಾಣುತ್ತದೆ. ಹಾಳೆಗೆ ತಾಗದೆ ಉಳಿದ ಭಾಗ ಹಾಗೇ ಇದ್ದರೆ ಮಗುಚಿ ಇಡಿ. ನೀರು ತಣ್ಣಗಾದರೆ ಬದಲಿಸಿ.

ಮುತ್ತು ಕೂರಿಸಿದ್ದು, ಅಂಟು ಹಾಕಿ ಕಲ್ಲು ಕೂರಿಸಿದ್ದು ಇದ್ದರೆ ಈ ನೀರಿಗೆ ಹಾಕಬೇಡಿ. ಗೀರುಗಳ ಒಳಗೆ ಬೇಕೆಂದೇ ಕಪ್ಪು ಬಿಟ್ಟು ಚಿತ್ತಾರ ಎದ್ದು ಕಾಣುವಂತೆ ಮಾಡಿದ ವಸ್ತುವನ್ನೂ ಹಾಕಬೇಡಿ. ಆ ಕಪ್ಪೂ ಇದೇ ಸಲ್ಫೈಡ್, ಒಂದೇ ಮುಳುಗಿಗೆ ಹೊರಟುಹೋಗುತ್ತದೆ.